ಈ ಸಾರಾಂಶದಲ್ಲಿ ಅಂಬೇಡ್ಕರರ ವಾದ ಉಳಿದಿದೆಯೇ?

ಸಮಾಜಶಾಸ್ತ್ರ ಕಲಿಸುವ ಎಲ್ಲ ಗುರುಗಳಿಗೆ,



ಅಂಬೇಡ್ಕರರ ‘ಭಾರತದಲ್ಲಿ ಜಾತಿಗಳು’ ಪ್ರಬಂಧವನ್ನು ಓದಿ ಒಂದು ಪುಟದ ಸಾರಾಂಶ ಬರೆದುಕೊಂಡು ಬನ್ನಿ ಎಂದು ನಮ್ಮ ಎಂ.ಎ. ತರಗತಿಯಲ್ಲಿ ಮೇಡಂ ಹೇಳಿದ್ದರು. ಬರೆದೆ. ಅದನ್ನು ಅವರ ಕೈಗೆ ಕೊಡುವಾಗ ಜೊತೆಗೊಂದು ಪತ್ರವನ್ನೂ ಇಟ್ಟೆ: ಮೇಡಂ, ಇದರಲ್ಲಿ ಲೇಖಕರ ವಾದ ಇದೆಯೇ, ಅಥವಾ ಅವರ ತೀರ್ಮಾನಗಳಷ್ಟೇ ಇವೆಯೇ? ಮೇಡಂ ಎರಡನ್ನೂ ಓದಿ, ಈ ಪಾಠವನ್ನು ಬೇರೆ ಬೇರೆಯವರು ಬೇರೆ ಬೇರೆ ರೀತಿಯಲ್ಲಿ ಹೇಳುತ್ತಾರೆ, ನಿನ್ನ ಪ್ರಶ್ನೆಯನ್ನು ಎಲ್ಲರ ಮುಂದೆಯೂ ಇಡು ಎಂದರು. ಹಾಗಾಗಿ ಆ ಪತ್ರವನ್ನೇ ಸ್ವಲ್ಪ ಬೆಳೆಸಿ ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ.

ಪ್ರಬಂಧದ ಹಿನ್ನೆಲೆ ನಿಮಗೆ ಗೊತ್ತಿರುವುದೇ. 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಅಲೆಕ್ಸಾಂಡರ್ ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರ ಸೆಮಿನಾರಿನಲ್ಲಿ ಅಂಬೇಡ್ಕರರು ಇದನ್ನು ಓದಿದರು. ಮರುವರ್ಷದ ಮೇ ತಿಂಗಳಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚಾಯಿತು. ಆಗ ಅವರಿಗೆ 25 ವರ್ಷ. ಅಂದರೆ ಇದು ಒಬ್ಬ ವಿದ್ಯಾರ್ಥಿ ತನ್ನ ಪ್ರಾಧ್ಯಾಪಕರ ಮುಂದೆ ಮಂಡಿಸಿದ ವಾದ. ಗೋತ್ರವೆಂದರೇನು, ವಿಧವೆಯ ಬದುಕೆಂದರೇನು ಎಂಬುದನ್ನು ಕಂಡರಿಯದ ಜನರೆದುರು ಓದಬೇಕಾದ್ದರಿಂದಲೋ ಏನೋ, ಅವರು ಯಾವುದನ್ನೂ ಗೊತ್ತಿದೆ ಎಂದು ಹಿಡಿದುಕೊಂಡಿಲ್ಲ. ತಳಪಾಯದಿಂದ ಶುರುಮಾಡಿ ಒಂದು ಮಾತಿನ ಮೇಲೆ ಇನ್ನೊಂದನ್ನು ನಿಲ್ಲಿಸುತ್ತ ಹೋಗುತ್ತಾರೆ. ಭಾಷೆ ಕಷ್ಟದ್ದಲ್ಲ, ಪುಟಗಳೂ ಹೆಚ್ಚಿಲ್ಲ. ಕಷ್ಟವಿರುವುದು ಈ ಕಟ್ಟಡದಲ್ಲಿ. ನಡುವಿನ ಒಂದು ಮಾತು ಬಿಟ್ಟುಹೋದರೂ ಮೇಲಿನದು ಬರೀ ಘೋಷಣೆಯಂತೆ ಕೇಳಿಸುತ್ತದೆ.

ನಾನು ಬರೆದ ಸಾರಾಂಶ ಇದು:

“ಭಾರತದ ಜನ ಬೇರೆ ಬೇರೆ ಜನಾಂಗಗಳ ಬೆರಕೆ, ಆದರೆ ಸಂಸ್ಕೃತಿಯಲ್ಲಿ ಒಂದಾದವರು. ಮೊದಲೇ ಬಿಡಿಬಿಡಿಯಾಗಿದ್ದ ಗುಂಪುಗಳು ಬೇರೆಯಾಗಿಯೇ ಉಳಿದಿದ್ದರೆ ವಿವರಿಸಲು ಏನೂ ಇರುತ್ತಿರಲಿಲ್ಲ. ಒಂದಾಗಿದ್ದದ್ದು ತುಂಡಾಯಿತು, ಅದು ಹೇಗೆ ಎಂಬುದೇ ಸಮಸ್ಯೆ. ಸೆನಾರ್, ನೆಸ್‌ಫೀಲ್ಡ್, ರಿಸ್ಲಿ, ಕೇತ್ಕರ್ ಇವರು ಜಾತಿಯ ಲಕ್ಷಣಗಳನ್ನು ಪಟ್ಟಿ ಮಾಡಿದರು. ಆದರೆ ಮೈಲಿಗೆಯ ಭಾವನೆ ಪುರೋಹಿತರ ಆಚರಣೆಯಿಂದ ಬಂದದ್ದು. ಸಹಪಂಕ್ತಿ ಇಲ್ಲದಿರುವುದು ಜಾತಿಯ ಪರಿಣಾಮವೇ ಹೊರತು ಕಾರಣವಲ್ಲ. ಜಾತಿಗೇ ವಿಶಿಷ್ಟವಾದದ್ದು ಒಳವಿವಾಹವೊಂದೇ.

ಈ ಸಮಾಜದ ಹಳೆಯ, ಇಂದಿಗೂ ಬಿಗಿಯಾಗಿರುವ ನಿಯಮ ಹೊರವಿವಾಹ: ಸಗೋತ್ರದಲ್ಲಿ ಮದುವೆ ಕೂಡದು. ಹೊರವಿವಾಹ ಗುಂಪುಗಳನ್ನು ಬೆಸೆಯುತ್ತದೆ. ಅದು ತಾನೇ ತಾನಾಗಿ ನಡೆದಿದ್ದರೆ ಜಾತಿ ಹುಟ್ಟುತ್ತಲೇ ಇರಲಿಲ್ಲ. ಆದ್ದರಿಂದ ಜಾತಿಯ ಹುಟ್ಟೆಂದರೆ ಹೊರವಿವಾಹದ ಮೇಲೆ ಒಳವಿವಾಹವನ್ನು ಹೇರಿದ್ದು.

ಹಾಗೆ ಬಾಗಿಲು ಹಾಕಿಕೊಂಡ ಗುಂಪು ಉಳಿಯಬೇಕಾದರೆ ಮದುವೆಗೆ ಅರ್ಹರಾದ ಗಂಡು ಹೆಣ್ಣುಗಳ ಸಂಖ್ಯೆ ಒಳಗೇ ಸರಿಸಮವಾಗಿರಬೇಕು. ಗಂಡ ಹೆಂಡತಿ ಒಟ್ಟಿಗೆ ಸಾಯುವುದು ಅಪರೂಪ. ಗಂಡ ಸತ್ತರೆ ಒಬ್ಬಳು ಹೆಂಗಸು ಹೆಚ್ಚುವರಿಯಾಗುತ್ತಾಳೆ, ಹೆಂಡತಿ ಸತ್ತರೆ ಒಬ್ಬ ಗಂಡಸು. ಹೆಚ್ಚುವರಿಯಾದ ಹೆಂಗಸು ಹೊರಗೆ ಮದುವೆಯಾದರೆ ಗೋಡೆ ಒಡೆಯುತ್ತದೆ. ಒಳಗೇ ಆದರೆ ಕನ್ಯೆಯರ ಪಾಲಿನ ವರನನ್ನು ಕಿತ್ತುಕೊಳ್ಳುತ್ತಾಳೆ. ಅವಳನ್ನು ಗಂಡನ ಚಿತೆಯ ಮೇಲೆ ಸುಡುವುದು ಒಂದು ದಾರಿ, ಬದುಕಿರುವವರೆಗೂ ವಿಧವೆಯಾಗಿ ಇರಿಸುವುದು ಇನ್ನೊಂದು. ಗಂಡಸಿಗೆ ಇವೆರಡನ್ನೂ ಅನ್ವಯಿಸುವುದಿಲ್ಲ, ಏಕೆಂದರೆ ಕಟ್ಟಳೆ ಮಾಡುವವನು ಅವನು, ಗುಂಪಿಗೆ ಅವನ ದುಡಿಮೆಯೂ ಸಂತಾನವೂ ಬೇಕು. ಬ್ರಹ್ಮಚರ್ಯ ಹೇರಿದರೂ ನಿಲ್ಲದು. ಆದ್ದರಿಂದ ಇನ್ನೂ ಮದುವೆಯ ವಯಸ್ಸಿಗೆ ಬಾರದ ಹುಡುಗಿಯನ್ನು ಅವನಿಗೆ ಕೊಡುವುದು. ಸತಿ, ವಿಧವಾತನ, ಬಾಲ್ಯವಿವಾಹ ಈ ಮೂರೂ ಒಳವಿವಾಹವನ್ನು ಕಾಯುವ ಸಾಧನಗಳು. ಇವನ್ನು ಹೊಗಳುವ ತತ್ವಗಳು ಆಮೇಲೆ ಹುಟ್ಟಿಕೊಂಡವು.

ಈ ಮೂರೂ ಪೂರ್ಣವಾಗಿ, ಕಟ್ಟುನಿಟ್ಟಾಗಿ ಇರುವುದು ಬ್ರಾಹ್ಮಣರಲ್ಲಿ. ಆದ್ದರಿಂದ ಮೊದಲು ಬಾಗಿಲು ಹಾಕಿಕೊಂಡ ವರ್ಗ ಅವರದು. ಮಿಕ್ಕವರ ಮೇಲೆ ಜಾತಿಯನ್ನು ಮನುವಾಗಲಿ ಬ್ರಾಹ್ಮಣರಾಗಲಿ ಹೇರಲಿಲ್ಲ. ಅದು ಒಬ್ಬರಿಂದ ಆಗುವ ಕೆಲಸವೂ ಅಲ್ಲ. ಕೆಲವರು ಮೇಲಿನವರನ್ನು ಅನುಕರಿಸಿ ಬಾಗಿಲು ಹಾಕಿಕೊಂಡರು. ಕೆಲವರು, ಬೇರೆಯವರು ಹಾಕಿಕೊಂಡದ್ದರಿಂದ ತಾವೂ ಮುಚ್ಚಿಹೋದರು. ಕಟ್ಟಳೆ ಮೀರಿದವರನ್ನು ಬಹಿಷ್ಕರಿಸಿದಾಗ ಅವರದೇ ಹೊಸ ಜಾತಿಯಾಯಿತು. ಹೀಗಾಗಿ ಜಾತಿ ಎಂಬುದು ಒಂಟಿಯಾಗಿ ಇರಲಾರದು, ಜಾತಿಗಳು ಎಂದೇ ಇರುತ್ತದೆ.”

ಇಷ್ಟೇ. ಒಂದು ಪುಟವನ್ನು ಸ್ವಲ್ಪ ಮೀರಿದೆ, ಅದಕ್ಕೆ ಮೇಡಂ ಅಂಕ ಕಡಿಮೆ ಮಾಡಿದರೆ ನನ್ನ ತಕರಾರಿಲ್ಲ. ಮೀರಿದ್ದಕ್ಕೆ ಕಾರಣವಿದೆ, ಅದನ್ನು ಹೇಳುತ್ತೇನೆ.

ಪರೀಕ್ಷೆಗೆಂದು ಕೈಯಿಂದ ಕೈಗೆ ಹೋಗುವ ನೋಟ್ಸುಗಳಲ್ಲಿ ಈ ಪ್ರಬಂಧ ಮೂರು ವಾಕ್ಯವಾಗಿರುತ್ತದೆ: ಒಳವಿವಾಹವೇ ಜಾತಿಯ ತಿರುಳು, ಸತಿ, ವಿಧವಾತನ, ಬಾಲ್ಯವಿವಾಹ ಅದರ ಸಾಧನಗಳು, ಅನುಕರಣೆಯಿಂದ ಜಾತಿ ಹರಡಿತು. ಇವುಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ಮೂರನ್ನೂ ಓದಿದವರಿಗೆ ‘ಏಕೆ’ ಎಂದು ಕೇಳಿದರೆ ಹೇಳಲು ಏನೂ ಸಿಗುವುದಿಲ್ಲ. ನಾನು ನನ್ನ ಸಾರಾಂಶವನ್ನು ಪರೀಕ್ಷಿಸಿದ್ದು ಹೀಗೆ: ಒಂದೊಂದೇ ವಾಕ್ಯವನ್ನು ಬೆರಳಿನಿಂದ ಮುಚ್ಚಿ, ಮುಂದಿನ ‘ಆದ್ದರಿಂದ’ ಇನ್ನೂ ನಿಲ್ಲುತ್ತದೆಯೇ ಎಂದು ನೋಡಿದೆ. ನಿಂತರೆ ಮುಚ್ಚಿದ ವಾಕ್ಯ ಅಲಂಕಾರ. ಬಿದ್ದರೆ ಅದು ವಾದದ ಭಾಗ.

ಹೊರವಿವಾಹದ ಮಾತನ್ನು ಮುಚ್ಚಿ ನೋಡಿ. ನೋಟ್ಸುಗಳಲ್ಲಿ ಮೊದಲು ಬಿಟ್ಟುಹೋಗುವುದು ಇದೇ. ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ಒಂದೇ ಬೆಡಗಿನವರು, ಕರಾವಳಿಯಲ್ಲಾದರೆ ಒಂದೇ ಬಳಿಯವರು, ಅಣ್ಣತಂಗಿಯರು, ಮದುವೆ ಕೂಡದು ಎಂಬುದನ್ನು ಸಂಬಂಧ ನೋಡುವಾಗ ಎಲ್ಲರೂ ಕೇಳಿಯೇ ಕೇಳುತ್ತಾರೆ. ಅಷ್ಟು ಪರಿಚಿತವಾದದ್ದರಿಂದಲೇ ಬರೆಯುವ ಅಗತ್ಯವಿಲ್ಲ ಅನ್ನಿಸುತ್ತದೆ. ಆದರೆ ಅದನ್ನು ತೆಗೆದುಬಿಟ್ಟರೆ ಒಳವಿವಾಹ ಸಹಜವಾದ ಸಂಗತಿಯಾಗಿಬಿಡುತ್ತದೆ; ಜನ ತಮ್ಮಂಥವರನ್ನೇ ಮದುವೆಯಾಗುತ್ತಾರೆ, ಅದರಲ್ಲೇನಿದೆ ಎನ್ನುವಂತಾಗುತ್ತದೆ. ಅಂಬೇಡ್ಕರರು ಹೇಳುವುದು ತದ್ವಿರುದ್ಧ. ಈ ಸಮಾಜದ ಸ್ವಭಾವ ಹೊರಗೆ ಕೊಟ್ಟು ತರುವುದು, ಒಳಗೇ ಉಳಿಸಿಕೊಳ್ಳುವುದು ಅದಕ್ಕೆ ಪರಕೀಯ. ಪರಕೀಯವಾದದ್ದನ್ನು ಹೇರಿದ್ದರಿಂದಲೇ ಅದನ್ನು ಕಾಯಲು ಅಷ್ಟು ಕ್ರೂರವಾದ ಕಾವಲು ಬೇಕಾಯಿತು. ಸತಿಯ ಬೆಂಕಿಗೂ ಗೋತ್ರದ ನಿಯಮಕ್ಕೂ ಸಂಬಂಧವಿದೆ ಎಂಬುದು ಈ ಒಂದು ವಾಕ್ಯದಿಂದ ಮಾತ್ರ ಗೊತ್ತಾಗುತ್ತದೆ. ಇದು ಸರಿಯಾದ ಓದು ಎಂದು ನನಗೆ ಸಾಕಷ್ಟು ಧೈರ್ಯವಿದೆ.

ಧೈರ್ಯವಿಲ್ಲದಿರುವುದು ಅದರ ಮುಂದಿನ ಹೆಜ್ಜೆಯಲ್ಲಿ, ಹೆಚ್ಚುವರಿ ಗಂಡಸು ಹೆಂಗಸರ ಲೆಕ್ಕದಲ್ಲಿ. ಈ ಪತ್ರದ ನಿಜವಾದ ಪ್ರಶ್ನೆ ಇರುವುದೂ ಇಲ್ಲೇ.

ಅರ್ಥಮಾಡಿಕೊಳ್ಳಲೆಂದು ನೂರು ಜೋಡಿಗಳ ಒಂದು ಗುಂಪನ್ನು ಊಹಿಸಿಕೊಂಡು ಲೆಕ್ಕ ಹಾಕಿದೆ. ಗುಂಪು ಬಾಗಿಲು ಹಾಕಿಕೊಂಡಿದೆ. ಕೆಲವು ವರ್ಷಗಳಲ್ಲಿ ಹತ್ತು ಗಂಡಂದಿರು, ಆರು ಹೆಂಡತಿಯರು ತೀರಿಕೊಂಡರು ಎನ್ನೋಣ. ಈಗ ಹತ್ತು ಜನ ವಿಧವೆಯರು, ಆರು ಜನ ವಿಧುರರು. ವಿಧವೆಯರು ಹೊರಗೆ ಹೋಗುವಂತಿಲ್ಲ. ಒಳಗೆ ಹತ್ತು ಜನ ಅವಿವಾಹಿತ ಹುಡುಗರನ್ನು ಮದುವೆಯಾದರೆ, ಅದೇ ಗುಂಪಿನ ಹತ್ತು ಹುಡುಗಿಯರಿಗೆ ವರನಿಲ್ಲ. ಇಲ್ಲಿಯವರೆಗೆ ಅಂಬೇಡ್ಕರರ ತರ್ಕ ಗಟ್ಟಿಯಾಗಿದೆ. ಆದರೆ ಕಾಗದದ ಮೇಲೆ ಕಣ್ಣಿಗೆ ಕಾಣುವ ಇನ್ನೊಂದು ದಾರಿಯಿದೆ: ಆರು ವಿಧುರರು ಆರು ವಿಧವೆಯರನ್ನು ಮದುವೆಯಾಗಲಿ. ಗೋಡೆ ಒಡೆಯುವುದಿಲ್ಲ, ಯಾವ ಕನ್ಯೆಯ ಪಾಲೂ ಹೋಗುವುದಿಲ್ಲ, ಯಾವ ಮಗುವನ್ನೂ ಮುದುಕನಿಗೆ ಕೊಡಬೇಕಾಗಿಲ್ಲ. ಉಳಿಯುವವರು ನಾಲ್ವರು ಮಾತ್ರ.

ಲೆಕ್ಕವಷ್ಟೇ ಕಾರಣವಾಗಿದ್ದರೆ ಗುಂಪು ಈ ದಾರಿಯನ್ನೇ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಏಕೆ? ಪ್ರಬಂಧವನ್ನು ಮತ್ತೆ ಓದಿದಾಗ ನನಗೆ ಕಂಡ ಉತ್ತರ, ಅವರು ನಡುವೆ ಹೇಳಿ ಮುಂದೆ ಹೋಗುವ ಒಂದು ಮಾತಿನಲ್ಲಿದೆ. ಪ್ರತಿಯೊಂದು ಗುಂಪಿನಲ್ಲೂ ಗಂಡಸಿಗೇ ಮೇಲುಗೈ, ಕಟ್ಟಳೆ ಹೊರಡಿಸುವವನು ಅವನು, ಅನುಭವಿಸುವವಳು ಹೆಂಗಸು ಎಂಬ ಮಾತು. ಇದನ್ನು ಬಹಳ ಜನ ವಾದದ ಹೊರಗಿನ ಟಿಪ್ಪಣಿಯಂತೆ ಓದುತ್ತಾರೆ. ನನಗೆ ಅದು ವಾದದ ಎರಡನೆಯ ಕಾಲು ಅನ್ನಿಸಿದೆ. ಸಂಖ್ಯೆಯ ಲೆಕ್ಕ ಸಮಸ್ಯೆಯನ್ನು ಒಡ್ಡುತ್ತದೆ. ಪರಿಹಾರವನ್ನು ಆರಿಸುವುದು ಗಂಡಸಿನ ಅಧಿಕಾರ. ಅದಕ್ಕೇ ಒಂದೇ ಸಮಸ್ಯೆಗೆ ಎರಡು ಪರಿಹಾರ: ಹೆಂಡತಿ ಸತ್ತವನಿಗೆ ಹುಡುಗಿ, ಗಂಡ ಸತ್ತವಳಿಗೆ ಬೆಂಕಿ ಅಥವಾ ಕತ್ತಲೆಕೋಣೆ. ಆದ್ದರಿಂದಲೇ ಸಾರಾಂಶದಲ್ಲಿ ‘ಏಕೆಂದರೆ ಕಟ್ಟಳೆ ಮಾಡುವವನು ಅವನು’ ಎಂಬುದನ್ನು ಉಳಿಸಿಕೊಂಡೆ. ಪುಟ ಮೀರಿದ್ದು ಇಂಥವುಗಳಿಂದ.

ನನ್ನ ಪ್ರಶ್ನೆ: ಹೀಗೆ ಮಾಡಿದಾಗ ನಾನು ಅಂಬೇಡ್ಕರರ ವಾದವನ್ನು ಹೇಳುತ್ತಿದ್ದೇನೆಯೇ, ಅಥವಾ ಅವರ ವಾದದಲ್ಲಿದ್ದ ಬಿರುಕನ್ನು ಅವರದೇ ಒಂದು ವಾಕ್ಯ ತೆಗೆದುಕೊಂಡು ಮುಚ್ಚುತ್ತಿದ್ದೇನೆಯೇ? ಅವರು ವಿಧುರನನ್ನೂ ವಿಧವೆಯನ್ನೂ ಬೇರೆ ಬೇರೆ ಸಮಸ್ಯೆಗಳಾಗಿ ಒಂದಾದ ಮೇಲೊಂದು ಎತ್ತಿಕೊಳ್ಳುತ್ತಾರೆ; ಇಬ್ಬರನ್ನೂ ಜೋಡಿಸುವ ಸಾಧ್ಯತೆಯನ್ನು ತಾವಾಗಿ ಎತ್ತಿ ತಳ್ಳಿಹಾಕುವುದನ್ನು ನಾನು ಕಾಣಲಿಲ್ಲ. ಲೇಖಕರು ಎರಡು ಕಡೆ ಇಟ್ಟದ್ದನ್ನು ನಾನು ಒಂದು ‘ಏಕೆಂದರೆ’ಯಿಂದ ಹೊಲಿದಿದ್ದೇನೆ. ಗಂಡಸಿಗೆ ಹೆಂಗಸಿನ ಶಿಕ್ಷೆಯನ್ನು ಏಕೆ ಕೊಡಲಿಲ್ಲ ಎಂಬುದಕ್ಕೆ ಆ ಹೊಲಿಗೆ ಅವರದೇ. ವಿಧವೆಗೆ ವಿಧುರನನ್ನೇ ಏಕೆ ಕೊಡಲಿಲ್ಲ ಎಂಬುದಕ್ಕೆ ಅದು ನನ್ನದು. ಸಾರಾಂಶದಲ್ಲಿ ಈ ಎರಡನ್ನೂ ಒಂದೇ ವಾಕ್ಯ ಹೊರಬಹುದೇ?

ಇದಕ್ಕೆ ಸೇರಿದ ಒಂದು ಸಂಗತಿ ನಮ್ಮ ನಾಡಿನದು. ಮೈಸೂರು ಸಂಸ್ಥಾನ 1894ರಲ್ಲಿ ಬಾಲ್ಯವಿವಾಹ ತಡೆಯುವ ಕಾಯಿದೆ ತಂದಿತು. ಎಂಟು ವರ್ಷದೊಳಗಿನ ಹುಡುಗಿಯ ಮದುವೆಯನ್ನು ಅದು ನಿಷೇಧಿಸಿತು. ಜೊತೆಗೆ ಇನ್ನೊಂದು ನಿಷೇಧ ಇತ್ತು: ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗಬಾರದು. ಈ ಎರಡನೆಯದನ್ನು ಓದಿದಾಗ ನನಗೆ ಅಂಬೇಡ್ಕರರ ‘ಹೆಚ್ಚುವರಿ ಗಂಡಸು’ ಯಾರೆಂದು ಸ್ಪಷ್ಟವಾಯಿತು. ಅವನು ತರ್ಕಕ್ಕಾಗಿ ಹುಟ್ಟಿಸಿಕೊಂಡ ಪಾತ್ರವಲ್ಲ. ಕಾಯಿದೆ ಮಾಡಿ ತಡೆಯಬೇಕಾಗುವಷ್ಟು ಮಟ್ಟಿಗೆ ಊರುಗಳಲ್ಲಿ ಇದ್ದವನು. ಆದರೆ ಈ ಕಾಯಿದೆ ಪ್ರಬಂಧದಲ್ಲಿ ಇಲ್ಲ. ಎಷ್ಟೇ ಹೊಂದಿಕೊಂಡರೂ ಸಾರಾಂಶದೊಳಗೆ ಅದನ್ನು ತರಬಾರದು ಎಂದುಕೊಂಡು ಹೊರಗಿಟ್ಟೆ.

ಹೊಂದಿಕೊಳ್ಳದ ಸಂಗತಿಯನ್ನೂ ಹಾಗೆಯೇ ಹೊರಗಿಟ್ಟಿದ್ದೇನೆ. ಉತ್ತರ ಕರ್ನಾಟಕದ ಎಷ್ಟೋ ಸಮುದಾಯಗಳಲ್ಲಿ ಗಂಡ ಸತ್ತವಳಿಗೆ ಉಡಿಕೆ ಮಾಡಿಕೊಡುವ ಪದ್ಧತಿ ಇತ್ತು. ಮೊದಲ ಮದುವೆಯ ಸಡಗರ, ಮಾನ ಅದಕ್ಕೆ ಇರಲಿಲ್ಲ, ಆದರೂ ಅದು ಮದುವೆಯೇ. ಅಂಥ ಸಮುದಾಯಗಳಲ್ಲಿಯೂ ಜಾತಿಯ ಗೋಡೆ ಬಿಗಿಯಾಗಿಯೇ ಇತ್ತು. ಅಂದರೆ ವಿಧವೆಯನ್ನು ಸುಡದೆ, ಮೂಲೆಗೆ ಕೂರಿಸದೆಯೂ ಒಳವಿವಾಹ ನಿಲ್ಲಬಲ್ಲದು. ಹಾಗಾದರೆ ಆ ಮೂರು ಪದ್ಧತಿಗಳು ಒಳವಿವಾಹಕ್ಕೆ ಅನಿವಾರ್ಯವೇ? ಅಂಬೇಡ್ಕರರ ಉತ್ತರ ಹೀಗಿರಬಹುದು: ಬ್ರಾಹ್ಮಣರಿಗೆ ತೀರ ಹತ್ತಿರದವರು ಮೂರನ್ನೂ ಅನುಕರಿಸಿದರು, ಸ್ವಲ್ಪ ದೂರದವರು ವಿಧವಾತನ ಮತ್ತು ಬಾಲ್ಯವಿವಾಹವನ್ನು, ಇನ್ನೂ ದೂರದವರು ಬಾಲ್ಯವಿವಾಹವನ್ನಷ್ಟೇ, ಅತಿ ದೂರದವರು ಜಾತಿಯ ನಂಬಿಕೆಯನ್ನು ಮಾತ್ರ. ಈ ಇಳಿಜಾರನ್ನು ಅವರೇ ವಿವರಿಸುತ್ತಾರೆ. ಆದರೆ ಇದರಿಂದ ಅನುಕರಣೆ ನಡೆದದ್ದಕ್ಕೆ ಸಾಕ್ಷಿ ಸಿಗುತ್ತದೆಯೇ ವಿನಾ, ಬರೀ ನಂಬಿಕೆಯನ್ನು ಅನುಕರಿಸಿದವರು ತಮ್ಮ ಗೋಡೆಯನ್ನು ಯಾವ ಸಾಧನದಿಂದ ಕಾಯ್ದುಕೊಂಡರು ಎಂಬುದು ಗೊತ್ತಾಗುವುದಿಲ್ಲ. ಇದು ನನ್ನ ಆಕ್ಷೇಪ. ಸಾರಾಂಶಕ್ಕೆ ಆಕ್ಷೇಪ ಸೇರಿಸಿದರೆ ಅದು ವಿಮರ್ಶೆಯಾಗುತ್ತದೆ, ಸೇರಿಸದಿದ್ದರೆ ವಾದ ಇರುವುದಕ್ಕಿಂತ ನಯವಾಗಿ ಕಾಣುತ್ತದೆ. ನಾನು ಸೇರಿಸಲಿಲ್ಲ. ಆದರೆ ನಾಲ್ಕು ಮೆಟ್ಟಿಲಿನ ಆ ಇಳಿಜಾರನ್ನು ‘ಅನುಕರಿಸಿ’ ಎಂಬ ಒಂದು ಮಾತಿಗೆ ಇಳಿಸಿದ್ದು ಸರಿಯೇ ಎಂಬ ಅನುಮಾನ ಈಗ ಹೆಚ್ಚಾಗಿದೆ. ಏಕೆಂದರೆ ಇಡೀ ಪ್ರಬಂಧದಲ್ಲಿ ಬೇರೆಯವರು ಹೊರಗೆ ಹೋಗಿ ಪರೀಕ್ಷಿಸಬಹುದಾದ ಮಾತು ಅದೇ. ದೂರ ಹೆಚ್ಚಿದಷ್ಟೂ ಪದ್ಧತಿಗಳು ಕಡಿಮೆಯಾಗಬೇಕು ಎಂದು ಅವರು ಹೇಳಿ ನಿಂತಿದ್ದಾರೆ. ಊರೂರಿನಲ್ಲಿ ಹೋಗಿ ನೋಡಬಹುದು.

ಅನುಕರಣೆಯ ವಿಷಯದಲ್ಲಿ ಇನ್ನೊಂದು ಜಾರುವ ಜಾಗವಿದೆ. ಈ ಭಾಗವನ್ನು ಪಾಠ ಮಾಡುವಾಗ ‘ಇದೇ ಮುಂದೆ ಎಂ.ಎನ್. ಶ್ರೀನಿವಾಸ್ ಹೇಳಿದ ಸಂಸ್ಕೃತೀಕರಣ’ ಎನ್ನುವುದು ರೂಢಿ. ಮೈಸೂರಿನವರೇ ಆದ ಶ್ರೀನಿವಾಸರ ಕೊಡಗಿನ ಅಧ್ಯಯನ 1952ರಲ್ಲಿ ಬಂತು. ಕೆಳಗಿನ ಜಾತಿ ಮೇಲಿನದರ ಆಚಾರಗಳನ್ನು ಹಿಡಿದು ಮೇಲೇರಲು ನೋಡುತ್ತದೆ ಎಂಬುದು ಅದರ ಪ್ರಸಿದ್ಧ ಮಾತು. ಎರಡಕ್ಕೂ ಹೋಲಿಕೆ ಇದೆ, ನಿಜ. ಆದರೆ ಶ್ರೀನಿವಾಸರಲ್ಲಿ ಜಾತಿಗಳು ಆಗಲೇ ಇವೆ. ಅನುಕರಣೆಯಿಂದ ಏಣಿಯಲ್ಲಿ ಜಾಗ ಬದಲಾಗುತ್ತದೆ. ಅಂಬೇಡ್ಕರರಲ್ಲಿ ಅನುಕರಣೆಯಿಂದ ಜಾತಿಯೇ ಹುಟ್ಟುತ್ತದೆ. ತೆರೆದಿದ್ದ ವರ್ಗವೊಂದು ಮೇಲಿನವರನ್ನು ನೋಡಿ ಮುಚ್ಚಿಕೊಳ್ಳುತ್ತದೆ. ಅಲ್ಲದೆ ಅವರಲ್ಲಿ ಅನುಕರಣೆ ಅರ್ಧ ಮಾತ್ರ. ಉಳಿದರ್ಧ ಇಷ್ಟಾನಿಷ್ಟದ ಪ್ರಶ್ನೆಯೇ ಅಲ್ಲ: ಸುತ್ತಲಿನವರೆಲ್ಲ ಬಾಗಿಲು ಹಾಕಿಕೊಂಡರೆ, ಹಾಕಿಕೊಳ್ಳದವನೂ ಒಳಗೇ ಉಳಿಯುತ್ತಾನೆ, ಅವನಿಗೆ ಹೆಣ್ಣು ಕೊಡುವವರಿಲ್ಲ. ಇದನ್ನು ತೋರಿಸಲು ಅವರು ಹಿಂದೂ, ಮುಸ್ಲಿಂ, ಯಹೂದಿ, ಕ್ರೈಸ್ತ, ಪಾರ್ಸಿ ಗುಂಪುಗಳ ಉದಾಹರಣೆ ಕೊಡುತ್ತಾರೆ. ಮೊದಲ ನಾಲ್ಕು ಗುಂಪುಗಳು ಮುಚ್ಚಿಕೊಂಡರೆ ಪಾರ್ಸಿಗಳು ಏನೂ ಮಾಡದೆಯೇ ಮುಚ್ಚಿದ ಗುಂಪಾಗುತ್ತಾರೆ. ಜಾತಿ ಒಂಟಿಯಾಗಿ ಇರಲಾರದು ಎಂಬ ಅವರ ಕೊನೆಯ ಮಾತು ನಿಂತಿರುವುದು ಈ ಅರ್ಧದ ಮೇಲೆ. ಸಂಸ್ಕೃತೀಕರಣ ಎಂದು ಹೆಸರಿಟ್ಟ ಕೂಡಲೇ ಅದು ಕಾಣದಾಗುತ್ತದೆ. ಹಾಗಾಗಿ ಆ ಹೆಸರನ್ನು ನಾನು ಸಾರಾಂಶದಲ್ಲಿ ಬಳಸಲಿಲ್ಲ. ನಿಮ್ಮಲ್ಲಿ ಕೆಲವರು ಇದನ್ನು ಕೊರತೆ ಎಂದು ಎಣಿಸಬಹುದು. ಎಣಿಸಿದರೆ ಏಕೆಂದು ತಿಳಿಸಿ.

ಇನ್ನು ಪ್ರಬಂಧದಲ್ಲಿ ಖಾಲಿ ಬಿಟ್ಟಿರುವ ಒಂದು ಜಾಗದ ಮಾತು. ಬ್ರಾಹ್ಮಣವರ್ಗ ಮೊದಲು ಬಾಗಿಲು ಹಾಕಿಕೊಂಡಿತು ಎಂಬುದಕ್ಕೆ ಅಂಬೇಡ್ಕರರು ಸಾಕ್ಷಿ ಕೊಡುತ್ತಾರೆ: ಆ ಮೂರು ಪದ್ಧತಿಗಳು ಅಲ್ಲಿ ಪೂರ್ಣವಾಗಿವೆ, ಬೇರೆಡೆ ಎರವಲಾಗಿ ಬಂದಿವೆ. ಆದರೆ ಏಕೆ ಹಾಕಿಕೊಂಡಿತು ಎಂಬುದಕ್ಕೆ ಪುರೋಹಿತ ವರ್ಗದ ಹಮ್ಮಿನ ಬಗ್ಗೆ ಒಂದು ಸೂಚನೆ ಬಿಟ್ಟರೆ ಹೆಚ್ಚು ಹೇಳುವುದಿಲ್ಲ. ಈ ಜಾಗ ತುಂಬುವ ಆಸೆ ಯಾರಿಗಾದರೂ ಆಗುತ್ತದೆ, ತುಂಬಲು ಸಾಮಗ್ರಿಯೂ ಕೈಗೆಟಕುವಂತಿದೆ. ಇಪ್ಪತ್ತು ವರ್ಷಗಳ ನಂತರ, 1936ರ ‘ಜಾತಿ ವಿನಾಶ’ದಲ್ಲಿ ಅವರೇ ಶಾಸ್ತ್ರಗಳ ಪಾವಿತ್ರ್ಯದ ಮೇಲಿನ ನಂಬಿಕೆಯನ್ನು ಒಡೆಯದೆ ಜಾತಿ ಹೋಗದು ಎಂದರು. ಅಲ್ಲಿಂದ ಒಂದು ವಾಕ್ಯ ತಂದು ಇಲ್ಲಿಟ್ಟರೆ ಸಾರಾಂಶ ತುಂಬಿದಂತೆ ಕಾಣುತ್ತದೆ. 1944ರಲ್ಲಿ ಅದರ ಮೂರನೆಯ ಮುದ್ರಣಕ್ಕೆ ಬರೆದ ಮುನ್ನುಡಿಯಲ್ಲಿ, ಈ ಹಳೆಯ ಪ್ರಬಂಧವನ್ನು ಅದರೊಳಗೆ ಸೇರಿಸಿ ಪುಸ್ತಕವನ್ನು ಹೊಸದಾಗಿ ಬರೆಯುವ ಇಚ್ಛೆ ಇತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಆದ್ದರಿಂದ ಎರಡನ್ನೂ ಕೂಡಿಸಿ ಓದುವುದು ಅವರಿಗೆ ಒಪ್ಪಿಗೆಯೇ ಇದ್ದಿರಬೇಕು. ಆದರೂ ನಾನು ಕೂಡಿಸಲಿಲ್ಲ. 1916ರಲ್ಲಿ ಅವರ ಮಾತು ಸ್ಪಷ್ಟವಾಗಿದೆ: ಆಚರಣೆ ಮೊದಲು, ಅದನ್ನು ಹೊಗಳುವ ತತ್ವ ಆಮೇಲೆ. ಸತಿಯನ್ನು ಸಮರ್ಥಿಸಿದ ಆನಂದ ಕುಮಾರಸ್ವಾಮಿಯವರ ಮಾತನ್ನು ಎತ್ತಿಕೊಂಡು, ಇಂಥ ಹೊಗಳಿಕೆಯಿಂದ ಪದ್ಧತಿ ಏಕೆ ಪೂಜ್ಯವಾಯಿತು ಎಂಬುದು ತಿಳಿಯುತ್ತದೆ, ಏಕೆ ಶುರುವಾಯಿತು ಎಂಬುದು ತಿಳಿಯುವುದಿಲ್ಲ ಎನ್ನುತ್ತಾರೆ. ಅದೇ ಪ್ರಬಂಧದ ಸಾರಾಂಶದಲ್ಲಿ ಶಾಸ್ತ್ರದ ನಂಬಿಕೆಯನ್ನು ಮೂಲಕಾರಣವಾಗಿ ಇಟ್ಟರೆ, 25 ವರ್ಷದ ಅಂಬೇಡ್ಕರರ ಬಾಯಲ್ಲಿ ಅವರು ಅಂದು ಒಪ್ಪದ ಮಾತನ್ನು ಇಟ್ಟಂತಾಗುತ್ತದೆ. ಜಾತಿ ಹುಟ್ಟಿದ್ದು ಹೇಗೆ ಎಂಬುದು ಒಂದು ಪ್ರಶ್ನೆ, ಇಂದು ಅದು ಯಾವುದರ ಬಲದಿಂದ ನಿಂತಿದೆ ಎಂಬುದು ಇನ್ನೊಂದು. ಎರಡು ಬರಹಗಳು ಎರಡು ಪ್ರಶ್ನೆಗಳಿಗೆ ಉತ್ತರ ಕೊಡುತ್ತಿವೆ ಎಂದು ನಾನು ಓದಿಕೊಂಡಿದ್ದೇನೆ. ಹೀಗಾಗಿ ಆ ಖಾಲಿ ಜಾಗವನ್ನು ಖಾಲಿಯಾಗಿಯೇ ಬಿಟ್ಟೆ. ‘ಮೊದಲು ಬಾಗಿಲು ಹಾಕಿಕೊಂಡ ವರ್ಗ ಅವರದು’ ಎಂದು ನಿಲ್ಲಿಸಿದೆ.

ಕೊನೆಯದಾಗಿ ಧ್ವನಿಯ ವಿಷಯ. ಹೆಣ್ಣನ್ನು ಸುಡುವುದು, ಕೂಡಿಹಾಕುವುದು, ಮಗುವನ್ನು ಕೊಡುವುದು ಇವನ್ನೆಲ್ಲ ಅಂಬೇಡ್ಕರರು ಗಣಿತದ ಲೆಕ್ಕ ಬಿಡಿಸುವವರ ಹಾಗೆ ತಣ್ಣಗೆ ಹೇಳುತ್ತಾರೆ. ತರಗತಿಯಲ್ಲಿ ಓದುವಾಗ ಗೆಳತಿಯೊಬ್ಬಳು ಪುಸ್ತಕ ಮುಚ್ಚಿ, ಇವರು ಇದನ್ನು ಒಪ್ಪಿ ಹೇಳುತ್ತಿದ್ದಾರೋ ಖಂಡಿಸುತ್ತಿದ್ದಾರೋ ಎಂದು ಕೇಳಿದಳು. ಸಾರಾಂಶದಲ್ಲಿ ‘ಅಮಾನುಷವಾದ’ ಎಂಬ ಒಂದು ವಿಶೇಷಣ ಸೇರಿಸಿದ್ದರೆ ಅವಳ ಗೊಂದಲ ಹೋಗುತ್ತಿತ್ತು. ಸೇರಿಸಲು ನನ್ನ ಮನಸ್ಸೂ ಎಳೆಯಿತು. ಬಿಟ್ಟದ್ದಕ್ಕೆ ಕಾರಣ, ಆ ತಣ್ಣನೆಯ ಧ್ವನಿ ವಾದಕ್ಕೆ ಬೇಕಾದದ್ದು ಅನ್ನಿಸಿತು. ಗುಂಪಿನ ಕಣ್ಣಿನಿಂದ ನೋಡಿದಾಗ ವಿಧವೆ ಒಬ್ಬ ಮನುಷ್ಯಳಲ್ಲ, ಲೆಕ್ಕದಲ್ಲಿ ಉಳಿದ ಶೇಷ. ಆ ಕಣ್ಣಿನಿಂದಲೇ ನೋಡಿಸಿ, ಗೋಡೆ ಕಾಯುವ ಕೆಲಸ ಎಂಥದ್ದೆಂದು ಅವರು ತೋರಿಸುತ್ತಾರೆ. ವಿಶೇಷಣ ಹಾಕಿದ್ದರೆ ಓದುವವರ ಕೋಪ ಆ ಪದ್ಧತಿಗಳ ಮೇಲೆ ಹೋಗಿ ಅಲ್ಲೇ ನಿಲ್ಲುತ್ತಿತ್ತು, ಅವು ಕಾಯುತ್ತಿದ್ದ ಒಳವಿವಾಹದವರೆಗೆ ತಲುಪುತ್ತಿರಲಿಲ್ಲ. ಸತಿ ಹೋಗಿದೆ, ಬಾಲ್ಯವಿವಾಹಕ್ಕೆ ಕಾಯಿದೆಯ ತಡೆ ಇದೆ, ವಿಧವೆಯರು ಮದುವೆಯಾಗುತ್ತಿದ್ದಾರೆ. ಆದರೆ ನನ್ನ ತರಗತಿಯಲ್ಲಿ ಮದುವೆ ಗೊತ್ತಾಗಿರುವ ಗೆಳತಿಯರೆಲ್ಲ ತಮ್ಮ ತಮ್ಮ ಜಾತಿಯೊಳಗೇ ಮದುವೆಯಾಗುತ್ತಿದ್ದಾರೆ. ಸಾಧನಗಳು ಹೋದ ಮೇಲೂ ಗೋಡೆ ನಿಂತಿರುವುದು ಅಂಬೇಡ್ಕರರ ವಾದಕ್ಕೆ ಸಮರ್ಥನೆಯೋ ಸವಾಲೋ ಎಂಬುದು ನನ್ನನ್ನು ಕಾಡುತ್ತಿರುವ ಪ್ರಶ್ನೆ. ಅದು ಸಾರಾಂಶಕ್ಕೆ ಸೇರಿದ್ದಲ್ಲ, ಸೆಮಿನಾರಿಗೆ ಸೇರಿದ್ದು. ಆದರೆ ಸಾರಾಂಶ ಸರಿಯಿಲ್ಲದಿದ್ದರೆ ಸೆಮಿನಾರಿನಲ್ಲಿ ಆ ಪ್ರಶ್ನೆಯನ್ನು ಕೇಳುವುದಕ್ಕೇ ಆಗುವುದಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ‘ಚೆನ್ನಾಗಿದೆ’ ಅಥವಾ ‘ಇನ್ನೂ ಓದಬೇಕು’ ಎಂದು ಬರೆಯಬೇಡಿ. ಎಲ್ಲಿ ‘ಆದ್ದರಿಂದ’, ‘ಏಕೆಂದರೆ’ ಎಂದು ಬರೆದಿದ್ದೇನೋ ಅಲ್ಲಿ ಮಾತ್ರ ಪೆನ್ಸಿಲ್ ಇಟ್ಟು, ಆ ಕೊಂಡಿ ಲೇಖಕರದೋ ನನ್ನದೋ ಎಂದು ಗುರುತು ಹಾಕಿ. ವಿಧವೆ ವಿಧುರರ ಕೊಂಡಿಯನ್ನು ಮೊದಲು ನೋಡಿ. ಅದು ನನ್ನದೇ ಎಂದು ನಿಮ್ಮಲ್ಲಿ ಹೆಚ್ಚಿನವರಿಗೆ ಅನ್ನಿಸಿದರೆ, ಆ ವಾಕ್ಯವನ್ನು ಎರಡಾಗಿ ಒಡೆದು, ಲೆಕ್ಕವನ್ನು ಒಂದು ಕಡೆ, ಗಂಡಸಿನ ಮೇಲುಗೈಯನ್ನು ಇನ್ನೊಂದು ಕಡೆ, ಪ್ರಬಂಧದಲ್ಲಿ ಇರುವ ಹಾಗೆಯೇ ಬೇರೆ ಬೇರೆ ಇಟ್ಟು ಮತ್ತೆ ಬರೆದು ತರುತ್ತೇನೆ.

ಇಂತಿ ನಿಮ್ಮ ವಿದ್ಯಾರ್ಥಿನಿ,
ಎಂ.ಎ. ಸಮಾಜಶಾಸ್ತ್ರ